ಅಪರೂಪದ ಪುಸ್ತಕದ ಒಂದೇ ಅಧ್ಯಾಯ ಬೇಕು: ಗ್ರಂಥಾಲಯಕ್ಕೆ ಪತ್ರ ಬರೆಯೋದು ಹೇಗೆ

“ಮಾನ್ಯರೇ, ನನ್ನ ಸಂಶೋಧನೆಗೆ ತಮ್ಮಲ್ಲಿರುವ ಹಳೆಯ ಪುಸ್ತಕದ ಪ್ರತಿ ಬೇಕಾಗಿದೆ. ದಯವಿಟ್ಟು ಕಳಿಸಿಕೊಡಿ.”

ಇಂಥ ಪತ್ರಕ್ಕೆ ಸಾಮಾನ್ಯವಾಗಿ ಉತ್ತರ ಬರೋದಿಲ್ಲ. ಗ್ರಂಥಪಾಲಕರಿಗೆ ಮನಸ್ಸಿಲ್ಲ ಅಂತಲ್ಲ. ಯಾವ ಪುಸ್ತಕ, ಯಾವ ಪುಟ, ಯಾರಿಗೆ, ಯಾತಕ್ಕೆ, ಖರ್ಚು ಯಾರದು ಅನ್ನೋದು ಒಂದೂ ಅದರಲ್ಲಿಲ್ಲ. ಅದನ್ನೆಲ್ಲ ಕೇಳಿ ಮತ್ತೊಂದು ಪತ್ರ ಬರೆಯಬೇಕು. ಆ ಕೆಲಸ “ಆಮೇಲೆ ನೋಡೋಣ” ಅನ್ನೋ ಕಟ್ಟಿಗೆ ಸೇರುತ್ತದೆ, ಅಲ್ಲೇ ಉಳಿಯುತ್ತದೆ. ತುಮಕೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಇಂಥ ಪತ್ರಗಳನ್ನು ನೋಡಿ ತಿದ್ದಿಕೊಡೋದು ನನ್ನ ಕೆಲಸದ ಒಂದು ಭಾಗ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಪತ್ರ ಕೈಯಲ್ಲಿ ಹಿಡಿದವರು ನೇರ ಕಪಾಟಿನ ಹತ್ತಿರ ಹೋಗಿ ಪುಸ್ತಕ ತೆಗೆಯುವಂತಿರಬೇಕು. ನಿಮ್ಮನ್ನು ತಿರುಗಿ ಏನೂ ಕೇಳುವಂತಿರಬಾರದು.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಶಿಡ್ಲಘಟ್ಟದ ಕಡೆಯ ಒಬ್ಬ ವಿದ್ಯಾರ್ಥಿನಿ ಪಿಎಚ್.ಡಿ ಮಾಡುತ್ತಿದ್ದಾಳೆ. ವಿಷಯ, ಆ ಭಾಗದ ರೇಷ್ಮೆ ಸಾಕಣೆಯ ಚರಿತ್ರೆ. ‘ಮೈಸೂರು ಸೀಮೆಯ ರೇಷ್ಮೆ ಕೆಲಸ’ ಅನ್ನೋ ಹಳೆಯ ಪುಸ್ತಕದ ಆರನೇ ಅಧ್ಯಾಯ ಅವಳಿಗೆ ಬೇಕು. ಪುಸ್ತಕದ ಪ್ರತಿ ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿದೆ. ಈ ವಿದ್ಯಾರ್ಥಿನಿ, ಪುಸ್ತಕದ ಹೆಸರು, ಪುಟ, ನಂಬರು ಎಲ್ಲವೂ ಮಾದರಿಗಾಗಿ ಕಲ್ಪಿಸಿದ್ದು. ಉಳಿದದ್ದು ಹಾಗಲ್ಲ.

ಬರೆಯುವ ಮೊದಲು: ಪತ್ರ ನಿಜವಾಗಿ ಬೇಕಾ?

ಎಷ್ಟೋ ಹಳೆಯ ಪುಸ್ತಕಗಳು ಈಗಾಗಲೇ ಸ್ಕ್ಯಾನ್ ಆಗಿ ಕೂತಿವೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಕೋಲಾರ ಜಿಲ್ಲೆಯ ಶಾಸನಗಳು 10ನೇ ಸಂಪುಟ, ತುಮಕೂರು ಜಿಲ್ಲೆಯವು 12ನೇ ಸಂಪುಟ. ಎರಡೂ archive.org ನಲ್ಲಿ ಸಿಗುತ್ತವೆ. ಇವಕ್ಕಾಗಿ ಯಾರಿಗೂ ಪತ್ರ ಬರೆಯೋದು ಬೇಡ.

ಹುಡುಕುವಾಗ ಒಂದೇ ಕಾಗುಣಿತಕ್ಕೆ ಜೋತು ಬೀಳಬೇಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಅಲ್ಲಿಗೆ ಬಂದ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಬರೆದಿದ್ದಾರೆ. ನಮ್ಮ ಪುಸ್ತಕವನ್ನು `reshme`, `resme`, `reshmi` ಅಂತ ಮೂರೂ ಥರ ಹುಡುಕಬೇಕು. ಊರಿನ ಹೆಸರಿಗೂ ಇದೇ ಮಾತು. `Tumakuru` ಅಂತ ಹಾಕಿದರೆ ಹಳೆಯದು ಸಿಗೋದು ಕಷ್ಟ, `Tumkur` ಅಂತಲೂ ಹಾಕಿ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲ ಕೋಲಾರ ಜಿಲ್ಲೆಯ ಅಧ್ಯಾಯದೊಳಗಿರುತ್ತವೆ.

ಸ್ಕ್ಯಾನ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಲೂಬೇಡಿ. ನಿಮಗೆ ಬೇಕಾದ ಅಧ್ಯಾಯವನ್ನು ಪುಟ ಪುಟವಾಗಿ ತಿರುವಿ ನೋಡಿ. ಹಳೆಯ ಪುಸ್ತಕದ ಮಡಿಚಿದ ನಕ್ಷೆ, ದೊಡ್ಡ ಕೋಷ್ಟಕಗಳನ್ನು ಬಿಡಿಸದೆ ಹಾಗೇ ಸ್ಕ್ಯಾನ್ ಮಾಡಿರುವುದುಂಟು. ಒಂದೆರಡು ಪುಟ ಹಾರಿಹೋಗಿರುವುದೂ ಉಂಟು. ಹಾಗಿದ್ದರೆ ಇಡೀ ಅಧ್ಯಾಯ ಕೇಳದೆ ಆ ಪುಟಗಳನ್ನಷ್ಟೇ ಕೇಳಿ. “ಅಂತರ್ಜಾಲದ ಪ್ರತಿಯಲ್ಲಿ 98, 99ನೇ ಪುಟಗಳಿಲ್ಲ, ಮಡಿಚಿದ ಕೋಷ್ಟಕ ಬಿಚ್ಚಿಲ್ಲ” ಅಂತ ಬರೆದರೆ ಸಾಕು. ನೀವು ಆಗಲೇ ಹುಡುಕಿ ಸೋತು ಬಂದಿದ್ದೀರಿ ಅನ್ನೋದು ಓದುವವರಿಗೆ ಗೊತ್ತಾಗುತ್ತದೆ.

ಪುಸ್ತಕದ ಗುರುತು

ಪತ್ರದ ಗಟ್ಟಿತನ ಇರೋದೇ ಇಲ್ಲಿ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಪುಸ್ತಕದ ದಾಖಲೆ ತೆರೆದು ಎರಡು ನಂಬರು ಬರೆದುಕೊಳ್ಳಿ. ಒಂದು ಕಾಲ್ ನಂಬರ್, ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ಹೇಳುತ್ತದೆ. ಇನ್ನೊಂದು ಅಕ್ಸೆಷನ್ ನಂಬರ್, ಆ ಒಂದು ಪ್ರತಿಗೆ ಮಾತ್ರ ಸೇರಿದ್ದು. ಒಂದೇ ಪುಸ್ತಕದ ಎರಡು ಪ್ರತಿ ಇದ್ದು, ಒಂದರಲ್ಲಿ ಹಾಳೆ ಹರಿದಿದ್ದರೆ ಉಪಯೋಗಕ್ಕೆ ಬರೋದು ಈ ಎರಡನೆಯದು. ಕ್ಯಾಟಲಾಗ್ ಆನ್‌ಲೈನಿನಲ್ಲಿ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಸಿಗಲಿಲ್ಲ ಅಂದರೆ “ಕಾಲ್ ನಂಬರ್ ನನಗೆ ಸಿಕ್ಕಿಲ್ಲ” ಅಂತ ಪತ್ರದಲ್ಲೇ ಬರೆದು, ಪುಸ್ತಕದ ಸುಳಿವು ಎಲ್ಲಿ ಸಿಕ್ಕಿತು ಅನ್ನೋದನ್ನೂ ತಿಳಿಸಿ.

ವರ್ಷದ ವಿಷಯದಲ್ಲಿ ಹುಷಾರು. ಹಳೆಯ ಕನ್ನಡ ಪುಸ್ತಕದ ಮುಖಪುಟದಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಷ್ಟೇ ಇರಬಹುದು. ನಮ್ಮ ಪುಸ್ತಕದಲ್ಲಿ “ವಿಭವ ಸಂವತ್ಸರ” ಅಂತಿದೆ ಅಂದುಕೊಳ್ಳಿ. ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಾಕಿದರೆ ಅದು 1928ರ ವಸಂತದಿಂದ 1929ರ ವಸಂತದವರೆಗೆ. ಒಂದು ಕ್ಯಾಟಲಾಗಿನಲ್ಲಿ 1928, ಇನ್ನೊಂದರಲ್ಲಿ 1929 ಅಂತಿದ್ದರೆ ಅವು ಎರಡು ಮುದ್ರಣ ಅಂತ ಅವಸರದಲ್ಲಿ ತೀರ್ಮಾನಿಸಬೇಡಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, 1868–69 ಕೂಡ ವಿಭವವೇ. ಪತ್ರದಲ್ಲಿ ಸಂವತ್ಸರ, ಇಸವಿ ಎರಡನ್ನೂ ಹಾಕಿ.

ಪುಟಗಳನ್ನು ಹೇಳುವ ರೀತಿ

“ಆರನೇ ಅಧ್ಯಾಯ” ಅಂದರೆ ಸಾಲದು. ಅಧ್ಯಾಯದ ಹೆಸರು, ಮೊದಲ ಪುಟ, ಕೊನೆಯ ಪುಟ ಮೂರೂ ಬೇಕು. ಕೆಲವು ಪುಸ್ತಕಗಳಲ್ಲಿ ಪುಟಸಂಖ್ಯೆ ಒಂದಕ್ಕಿಂತ ಹೆಚ್ಚು ಸಲ ಒಂದರಿಂದ ಶುರುವಾಗುತ್ತದೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳೇ ಇದಕ್ಕೆ ಉದಾಹರಣೆ. ಪ್ರಸ್ತಾವನೆ, ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಬೇರೆ ಬೇರೆ ಭಾಗಗಳಾಗಿವೆ, ಪುಟಸಂಖ್ಯೆಯೂ ಬೇರೆ ಬೇರೆ. “45ನೇ ಪುಟ” ಅಂದರೆ ಯಾವ ಭಾಗದ್ದು? ಅಂಥ ಕಡೆ ಭಾಗದ ಹೆಸರು ಹೇಳಿ, ಜೊತೆಗೆ ತಾಲ್ಲೂಕು ಮತ್ತು ಶಾಸನದ ನಂಬರು ಕೊಡಿ.

ಪುಟಸಂಖ್ಯೆ ಗೊತ್ತೇ ಇಲ್ಲವಾದರೆ ಅಂದಾಜು ಮಾಡಬೇಡಿ. ಮೊದಲು ಎರಡು ಸಾಲಿನ ಇಮೇಲ್ ಕಳಿಸಿ ಪರಿವಿಡಿಯ ಫೋಟೋ ಮಾತ್ರ ಕೇಳಿ. ಅದು ಐದು ನಿಮಿಷದ ಕೆಲಸ, ಸುಲಭವಾಗಿ ಸಿಗುತ್ತದೆ. ಸಿಕ್ಕ ಮೇಲೆ ದೊಡ್ಡ ಪತ್ರ ಬರೆಯಿರಿ.

ಅಧ್ಯಾಯದ ಜೊತೆಗೆ ಇನ್ನೂ ನಾಲ್ಕು ಸಾಮಾನು ಕೇಳಲೇಬೇಕು. ಮುಖಪುಟ ಮತ್ತು ಅದರ ಹಿಂಬದಿ. ಪರಿವಿಡಿ. ಅಧ್ಯಾಯಕ್ಕೆ ಸೇರಿದ ಚಿತ್ರ, ನಕ್ಷೆ, ಮಡಿಚಿದ ಹಾಳೆಗಳು; ಇವಕ್ಕೆ ಪುಟಸಂಖ್ಯೆ ಇರದ ಕಾರಣ ಸ್ಕ್ಯಾನ್ ಮಾಡುವವರು ದಾಟಿಬಿಡುತ್ತಾರೆ. ನಾಲ್ಕನೆಯದು ಪುಸ್ತಕದ ಕೊನೆಯಲ್ಲಿರುವ ಶುದ್ಧಾಶುದ್ಧ ಪಟ್ಟಿ, ಅಂದರೆ ತಪ್ಪು–ಒಪ್ಪುಗಳ ಪುಟ. ಅಚ್ಚುಮೊಳೆಯ ಕಾಲದ ಕನ್ನಡ ಪುಸ್ತಕಗಳಲ್ಲಿ ಇದು ತುಂಬ ಸಾಮಾನ್ಯ. ನೀವು ಪ್ರಬಂಧದಲ್ಲಿ ಎತ್ತಿ ಬರೆದ ಅಂಕಿಯನ್ನೇ ಲೇಖಕರು ಆ ಪಟ್ಟಿಯಲ್ಲಿ ತಿದ್ದಿರಬಹುದು. ಅದನ್ನು ನೋಡದೆ ಬಳಸಿದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಜೆರಾಕ್ಸ್ ಅಂತ ಪಟ್ಟು ಹಿಡಿಯಬೇಡಿ

ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಪುಸ್ತಕವನ್ನು ಬೋರಲು ಹಾಕಿ ಒತ್ತಬೇಕು. ಹಳೆಯ ಬೈಂಡಿಂಗಿನ ಬೆನ್ನು ಅಲ್ಲೇ ಸೀಳುತ್ತದೆ. ಆ ಕಾಲದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ, ವರ್ಷ ಕಳೆದಂತೆ ಹಳದಿಯಾಗಿ ಹಪ್ಪಳದ ಥರ ಮುರಿಯುತ್ತದೆ. ಹಾಗಾಗಿ ಹಲವು ಗ್ರಂಥಾಲಯಗಳು ಅಪರೂಪದ ಪುಸ್ತಕಗಳ ಜೆರಾಕ್ಸ್ ಕೊಡೋದೇ ಇಲ್ಲ. ಮೇಲಿನಿಂದ ಸ್ಕ್ಯಾನ್ ಮಾಡುವ ಯಂತ್ರ ಅಥವಾ ಕ್ಯಾಮೆರಾ ಆದರೆ ಪುಸ್ತಕವನ್ನು ಅರ್ಧ ತೆರೆದಿಟ್ಟೇ ತೆಗೆಯಬಹುದು.

ಅದಕ್ಕೇ ಪತ್ರದಲ್ಲಿ “ಪುಸ್ತಕಕ್ಕೆ ತೊಂದರೆಯಾಗದ ಯಾವ ವಿಧಾನವಾದರೂ ಸರಿ” ಅಂತ ಬರೆಯಿರಿ. ಈ ಒಂದು ಸಾಲು “ಕೊಡಲಾಗುವುದಿಲ್ಲ” ಅನ್ನೋ ಉತ್ತರವನ್ನು ಎಷ್ಟೋ ಸಲ ತಪ್ಪಿಸುತ್ತದೆ. ಸ್ಕ್ಯಾನ್ ಆದರೆ 300 ಡಿಪಿಐ ಸಾಕು. ನಕ್ಷೆ, ಬಣ್ಣದ ಚಿತ್ರ ಇದ್ದರೆ ಅವನ್ನು ಮಾತ್ರ ಬಣ್ಣದಲ್ಲಿ ಕೇಳಿ.

ಕಾನೂನು ಎಷ್ಟು ಬಿಡುತ್ತದೆ

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ಬದುಕಿರುವವರೆಗೆ, ಮತ್ತೆ ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಸರ್ಕಾರಿ ಪ್ರಕಟಣೆಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಲೇಖಕರ ಹೆಸರೇ ಇಲ್ಲದ ಪುಸ್ತಕಕ್ಕೂ ಹೀಗೇ. ನಮ್ಮ ರೇಷ್ಮೆ ಪುಸ್ತಕದ ಮುಖಪುಟದಲ್ಲಿ ಕರ್ತೃವಿನ ಹೆಸರಿಲ್ಲ, ಅಚ್ಚಾಗಿದ್ದು 1928–29ರಲ್ಲಿ. ಅದರ ಅವಧಿ ಎಂದೋ ಮುಗಿದಿದೆ.

ಅವಧಿ ಮುಗಿಯದ ಪುಸ್ತಕವಾದರೂ ದಾರಿ ಇದೆ. ಕಾಯ್ದೆಯ 52ನೇ ಕಲಮು ಸ್ವಂತ ಬಳಕೆಗೆ, ಸಂಶೋಧನೆಗೆ ನ್ಯಾಯಯುತವಾಗಿ ಬಳಸಿಕೊಳ್ಳುವುದನ್ನು ಹಕ್ಕಿನ ಉಲ್ಲಂಘನೆ ಅಂತ ಎಣಿಸೋದಿಲ್ಲ. ಇಡೀ ಪುಸ್ತಕ ಬಿಟ್ಟು ಒಂದೇ ಅಧ್ಯಾಯ ಕೇಳುವುದಕ್ಕೆ ಇಲ್ಲಿ ಬೆಲೆ ಇದೆ. ಆದರೆ ಒಂದು ಮಾತು ನೆನಪಿರಲಿ. ಕಾನೂನು ಬಿಡುತ್ತದೆ ಅಂದ ಮಾತ್ರಕ್ಕೆ ಗ್ರಂಥಾಲಯ ಕೊಡಲೇಬೇಕು ಅಂತಿಲ್ಲ. ಪುಸ್ತಕದ ಸ್ಥಿತಿ ನೋಡಿ ತೀರ್ಮಾನಿಸೋದು ಅವರು. ಹಾಗಾಗಿ ಪತ್ರದಲ್ಲಿ ಕಲಮುಗಳನ್ನು ಉದ್ದಕ್ಕೆ ಬರೆದು ವಾದ ಮಾಡಬೇಡಿ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಯುಜಿಸಿ ನಿಯಮದಂತೆ ಪಿಎಚ್.ಡಿ ಪ್ರಬಂಧದ ಡಿಜಿಟಲ್ ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಹೋಗುತ್ತದೆ, ಶೋಧಗಂಗಾದಲ್ಲಿ ಎಲ್ಲರಿಗೂ ಕಾಣುತ್ತದೆ. ನೀವು ಪ್ರತಿಯನ್ನು ಓದಿ ಉಲ್ಲೇಖಿಸಿದರೆ ತೊಂದರೆ ಇಲ್ಲ. ಆದರೆ ಗ್ರಂಥಾಲಯ ಕೊಟ್ಟ ಚಿತ್ರವನ್ನೇ ಪ್ರಬಂಧದಲ್ಲಿ ಅಚ್ಚು ಹಾಕಿದರೆ ಅದು ಅಂತರ್ಜಾಲಕ್ಕೆ ಹೋದಂತೆಯೇ. “ಸ್ವಂತ ಓದಿಗೆ ಮಾತ್ರ” ಅಂತ ಬರೆದುಕೊಟ್ಟು ಹಾಗೆ ಮಾಡಿದರೆ ಮಾತು ತಪ್ಪಿದಂತಾಗುತ್ತದೆ. ಚಿತ್ರ ಹಾಕುವ ಯೋಚನೆ ಇದ್ದರೆ ಈಗಲೇ ಹೇಳಿ, ಒಪ್ಪಿಗೆಯನ್ನು ಬೇರೆಯಾಗಿ ಕೇಳಿ.

ಪತ್ರ

ಕರ್ನಾಟಕದ ಗ್ರಂಥಾಲಯಕ್ಕಾದರೆ ಕನ್ನಡದಲ್ಲೇ ಬರೆಯಿರಿ. ಚೆನ್ನೈ, ಕೋಲ್ಕತ್ತದ ಗ್ರಂಥಾಲಯಕ್ಕಾದರೆ ಇಂಗ್ಲಿಷಿನಲ್ಲಿ ಬರೆದು, ಪುಸ್ತಕದ ಹೆಸರನ್ನು ಕನ್ನಡದಲ್ಲೂ ಅವರ ಕ್ಯಾಟಲಾಗಿನಲ್ಲಿ ಇರುವ ಇಂಗ್ಲಿಷ್ ಕಾಗುಣಿತದಲ್ಲೂ ಕೊಡಿ. ಒಂದು ಪುಟ ಮೀರಬಾರದು. ನಮ್ಮ ವಿದ್ಯಾರ್ಥಿನಿಯ ಪತ್ರ ಹೀಗಿರಬಹುದು:

ಇಂದ:
(ಹೆಸರು), ಪಿಎಚ್.ಡಿ ಸಂಶೋಧನಾ ವಿದ್ಯಾರ್ಥಿನಿ
ಇತಿಹಾಸ ವಿಭಾಗ, (ವಿಶ್ವವಿದ್ಯಾಲಯ)
ನೋಂದಣಿ ಸಂಖ್ಯೆ, ಮೊಬೈಲ್, ಇಮೇಲ್

ಮೂಲಕ:
ಮಾರ್ಗದರ್ಶಕರು / ವಿಭಾಗದ ಮುಖ್ಯಸ್ಥರು

ಗೆ:
ಮುಖ್ಯ ಗ್ರಂಥಪಾಲಕರು, (ಗ್ರಂಥಾಲಯ), ಬೆಂಗಳೂರು

ಮಾನ್ಯರೇ,

ವಿಷಯ: ‘ಮೈಸೂರು ಸೀಮೆಯ ರೇಷ್ಮೆ ಕೆಲಸ’ ಪುಸ್ತಕದ 6ನೇ ಅಧ್ಯಾಯದ (ಪುಟ 87–112) ಪ್ರತಿಗಾಗಿ ಕೋರಿಕೆ.

ನಾನು ಶಿಡ್ಲಘಟ್ಟ ಭಾಗದ ರೇಷ್ಮೆ ಸಾಕಣೆಯ ಚರಿತ್ರೆಯನ್ನು ಕುರಿತು ಪಿಎಚ್.ಡಿ ಸಂಶೋಧನೆ ಮಾಡುತ್ತಿದ್ದೇನೆ. ತಮ್ಮ ಗ್ರಂಥಾಲಯದಲ್ಲಿರುವ ಈ ಕೆಳಗಿನ ಪುಸ್ತಕದ ಒಂದು ಅಧ್ಯಾಯದ ಪ್ರತಿ ನನಗೆ ಬೇಕಾಗಿದೆ.

ಪುಸ್ತಕ: ಮೈಸೂರು ಸೀಮೆಯ ರೇಷ್ಮೆ ಕೆಲಸ
ಕರ್ತೃ: ಮುಖಪುಟದಲ್ಲಿ ಹೆಸರಿಲ್ಲ
ಪ್ರಕಟಣೆ: ಬೆಂಗಳೂರು, ವಿಭವ ಸಂವತ್ಸರ (1928–29), ಒಟ್ಟು 214 ಪುಟ
ಕಾಲ್ ನಂಬರ್ ಮತ್ತು ಅಕ್ಸೆಷನ್ ನಂಬರ್: (ತಮ್ಮ ಕ್ಯಾಟಲಾಗಿನಲ್ಲಿರುವಂತೆ)

ಬೇಕಾದ ಪುಟಗಳು:
6ನೇ ಅಧ್ಯಾಯ, ‘ಗೂಡು ಕಟ್ಟಿಸುವುದು ಮತ್ತು ನೂಲು ಬಿಚ್ಚುವುದು’, ಪುಟ 87–112
96ನೇ ಪುಟದ ನಂತರದ ಎರಡು ಚಿತ್ರಗಳು (ಚಂದ್ರಿಕೆಯ ಚಿತ್ರಗಳು)
112ನೇ ಪುಟದ ನಂತರದ ಮಡಿಚಿದ ಕೋಷ್ಟಕ, ಪೂರ್ತಿ ಬಿಡಿಸಿ
ಮುಖಪುಟ ಮತ್ತು ಹಿಂಬದಿ, ಪರಿವಿಡಿ, ಶುದ್ಧಾಶುದ್ಧ ಪಟ್ಟಿ
ಎಲ್ಲ ಸೇರಿ ಸುಮಾರು 34 ಪುಟ.

ಈ ಪುಸ್ತಕ ಮಾರಾಟದಲ್ಲಿಲ್ಲ. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮತ್ತು ಅಂತರ್ಜಾಲದಲ್ಲಿ ಹುಡುಕಿದೆ, ಸಿಗಲಿಲ್ಲ. ಪುಸ್ತಕಕ್ಕೆ ತೊಂದರೆಯಾಗದ ಯಾವ ವಿಧಾನದಲ್ಲಿ ಪ್ರತಿ ಕೊಟ್ಟರೂ ಸರಿ. ಸ್ಕ್ಯಾನ್ ಸಾಧ್ಯವಾದರೆ 300 ಡಿಪಿಐ ಪಿಡಿಎಫ್ ಅನುಕೂಲ. ಪುಸ್ತಕವನ್ನು ಅಲ್ಲೇ ಬಂದು ನೋಡಬೇಕೆಂದರೆ ತಾವು ತಿಳಿಸಿದ ದಿನ ಬರಲು ಸಿದ್ಧಳಿದ್ದೇನೆ.

ಪ್ರತಿ ಮತ್ತು ಅಂಚೆಯ ವೆಚ್ಚವನ್ನು ನಾನು ಭರಿಸುತ್ತೇನೆ. ₹1,000ದ ಒಳಗಿದ್ದರೆ ನನ್ನನ್ನು ಮತ್ತೆ ಕೇಳದೆ ಕೆಲಸ ಶುರುಮಾಡಬಹುದು. ಹಣ ಕಟ್ಟುವ ರೀತಿಯನ್ನು ದಯವಿಟ್ಟು ತಿಳಿಸಿ.

ಈ ಪ್ರತಿಯನ್ನು ನನ್ನ ಸಂಶೋಧನೆಗೆ ಮಾತ್ರ ಬಳಸುತ್ತೇನೆ. ಬೇರೆಯವರಿಗೆ ಹಂಚುವುದಿಲ್ಲ, ಅಂತರ್ಜಾಲದಲ್ಲಿ ಹಾಕುವುದಿಲ್ಲ. ಯಾವುದೇ ಚಿತ್ರವನ್ನು ಪ್ರಬಂಧದಲ್ಲಿ ಅಚ್ಚು ಹಾಕುವುದಿದ್ದರೆ ಮೊದಲೇ ಲಿಖಿತ ಒಪ್ಪಿಗೆ ಪಡೆಯುತ್ತೇನೆ. ಪ್ರಬಂಧದಲ್ಲಿ ತಮ್ಮ ಗ್ರಂಥಾಲಯವನ್ನು ನೆನೆಯುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ, ದಿನಾಂಕ, ಸ್ಥಳ)

ಲಗತ್ತು: ಮಾರ್ಗದರ್ಶಕರ ಶಿಫಾರಸು ಪತ್ರ, ಗುರುತಿನ ಚೀಟಿಯ ಪ್ರತಿ, ಕ್ಯಾಟಲಾಗ್ ದಾಖಲೆಯ ಪ್ರಿಂಟ್

ಇದರಲ್ಲಿ ಒಂದು ಸಾಲನ್ನು ಬೇರೆಯಾಗಿ ತೋರಿಸಬೇಕು. ₹1,000ದ ಮಿತಿ ಹಾಕಿದ ಸಾಲು. ಸಾಮಾನ್ಯವಾಗಿ “ವೆಚ್ಚ ಎಷ್ಟಾಗುತ್ತದೆ ತಿಳಿಸಿ” ಅಂತ ಬರೆಯುತ್ತಾರೆ. ಆಗ ಅವರು ಲೆಕ್ಕ ಹಾಕಿ ಪತ್ರ ಬರೆಯಬೇಕು, ನೀವು ಒಪ್ಪಿ ಉತ್ತರ ಬರೆಯಬೇಕು, ಅಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಮೊದಲೇ ಮಿತಿ ಹೇಳಿದರೆ ಆ ಓಡಾಟ ಉಳಿಯುತ್ತದೆ. ನಿಮ್ಮ ಕೈಗೆ ಎಟುಕುವಷ್ಟನ್ನೇ ಹಾಕಿ.

ಮಾರ್ಗದರ್ಶಕರ ಶಿಫಾರಸು ಪತ್ರ ವಿಭಾಗದ ಲೆಟರ್‌ಹೆಡ್‌ನಲ್ಲಿರಲಿ, ಸಹಿಯ ಜೊತೆ ಸೀಲೂ ಇರಲಿ. ಅದರಲ್ಲಿ ಪುಸ್ತಕದ ಹೆಸರು ನಿಮ್ಮ ಪತ್ರದಲ್ಲಿ ಇರುವಂತೆಯೇ ಇರಬೇಕು. ಸುಮ್ನೆ “ಈ ವಿದ್ಯಾರ್ಥಿನಿಗೆ ಸಹಕರಿಸಿ” ಅಂತ ಬರೆಸಿಕೊಂಡು ಬಂದರೆ ಅದು ಯಾವ ಪುಸ್ತಕಕ್ಕೂ ನಡೆಯುವ ಕಾಗದ, ಅದಕ್ಕೆ ಅಷ್ಟು ತೂಕ ಇರೋದಿಲ್ಲ.

ಕಳಿಸುವಾಗ

ಸಹಿ ಹಾಕಿದ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದರ ಪಿಡಿಎಫ್ ಅನ್ನು ಇಮೇಲ್ ಮಾಡಿ. ಪುಸ್ತಕದ ವಿವರ ಮತ್ತು ಪುಟಗಳನ್ನು ಇಮೇಲ್ ಒಳಗೂ ಬರೆಯಿರಿ, ಅಕ್ಷರ ಯೂನಿಕೋಡ್‌ನಲ್ಲಿರಲಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಕಡತ ಅವರ ಕಂಪ್ಯೂಟರಿನಲ್ಲಿ ಗೊತ್ತಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆಯಬಹುದು. ನಿಮಗೆ ಸರಿಯಾಗಿಯೇ ಕಾಣುವುದರಿಂದ ನಿಮಗದು ಗೊತ್ತಾಗೋದೇ ಇಲ್ಲ. ಲಕೋಟೆಯೊಳಗೆ ನೋಟು ಇಡಬೇಡಿ, ಹಣ ಅವರು ಹೇಳಿದ ರೀತಿಯಲ್ಲೇ ಹೋಗಲಿ.

ಮೂರು ವಾರ ಕಾಯಿರಿ. ಆಮೇಲೆ ಫೋನ್ ಮಾಡಿ, ಸ್ಪೀಡ್ ಪೋಸ್ಟ್ ತಲುಪಿದ ದಿನಾಂಕ ಹೇಳಿ ಕೇಳಿ. ನೆನಪೋಲೆ ಬರೆಯುವಾಗ ಮೊದಲ ಪತ್ರದ ಪ್ರತಿಯನ್ನು ಲಗತ್ತಿಸಿ. “ಹಿಂದೆ ಬರೆದಿದ್ದೆ” ಅಂದರೆ ಅದನ್ನು ಹುಡುಕುವ ಕೆಲಸವೂ ಅವರ ತಲೆಗೇ ಬರುತ್ತದೆ.

ಉತ್ತರ ಬಂದಾಗ

“ಬೈಂಡಿಂಗ್ ಸಡಿಲವಾಗಿದೆ, ಪ್ರತಿ ಕೊಡಲಾಗದು” ಅಂತ ಬಂದರೆ ಅಲ್ಲೇ ಕೂತು ಓದಲು, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆಯಲು ಅನುಮತಿ ಕೇಳಿ. ಶಿಡ್ಲಘಟ್ಟ, ತುಮಕೂರು, ಕೋಲಾರದಿಂದ ಬೆಂಗಳೂರಿಗೆ ಬೆಳಗ್ಗೆ ಹೋಗಿ ಸಂಜೆ ಬರಬಹುದು, ಹಾಗಾಗಿ ನಮ್ಮವರಿಗೆ ಇದು ಒಳ್ಳೆಯ ದಾರಿ. “ಪುಸ್ತಕ ಕಪಾಟಿನಲ್ಲಿ ಸಿಗುತ್ತಿಲ್ಲ” ಅಂತ ಬಂದರೆ, ಅದು ಬೇರೆ ಪುಸ್ತಕದ ಜೊತೆ ಒಂದೇ ರಟ್ಟಿನೊಳಗೆ ಬೈಂಡ್ ಆಗಿದೆಯಾ ಅಂತ ವಿನಯದಿಂದ ಕೇಳಿ. ಹಿಂದೆ ಚಿಕ್ಕ ಪುಸ್ತಕಗಳನ್ನು ನಾಲ್ಕೈದು ಒಟ್ಟಿಗೆ ಹೊಲಿಸಿ ಇಡುತ್ತಿದ್ದರು. ಬೆನ್ನಿನ ಮೇಲೆ ಮೊದಲನೆಯದರ ಹೆಸರಷ್ಟೇ ಇರುತ್ತದೆ. “ಕೃತಿಸ್ವಾಮ್ಯ ಇದೆ, ಹಕ್ಕುದಾರರ ಒಪ್ಪಿಗೆ ತನ್ನಿ” ಅಂದರೆ ಪ್ರಕಾಶಕರಿಗೆ ಅಥವಾ ಲೇಖಕರ ಮನೆಯವರಿಗೆ ಇದೇ ಪುಟಗಳ ವಿವರ ಹಾಕಿ ಬರೆದು, ಬಂದ ಒಪ್ಪಿಗೆಯನ್ನು ಗ್ರಂಥಾಲಯಕ್ಕೆ ಕಳಿಸಿ.

ಪ್ರತಿ ಕೈಗೆ ಬಂದ ದಿನವೇ ಪರೀಕ್ಷಿಸಿ. ಪುಸ್ತಕ ಇನ್ನೂ ಅವರ ಮೇಜಿನ ಮೇಲೇ ಇರಬಹುದು, ವಾರ ಕಳೆದರೆ ಮತ್ತೆ ಕಪಾಟಿಗೆ ಹೋಗಿರುತ್ತದೆ. ಮೊದಲು 87ರಿಂದ 112ರವರೆಗೆ ಪುಟಸಂಖ್ಯೆ ಎಣಿಸಿ. ಆಮೇಲೆ ಬೈಂಡಿಂಗ್ ಕಡೆಯ ಅಂಚು ನೋಡಿ, ಸಾಲಿನ ಮೊದಲ ಅಥವಾ ಕೊನೆಯ ಅಕ್ಷರಗಳು ಅಲ್ಲಿ ನುಂಗಿಹೋಗಿರುತ್ತವೆ. ಕೆಳಗಿನ ಅಡಿಟಿಪ್ಪಣಿ ಕತ್ತರಿಸಿದೆಯಾ ನೋಡಿ. ಕೊನೆಗೆ ಕೋಷ್ಟಕದ ಅಂಕಿಗಳು. ಕನ್ನಡ ಅಂಕಿಯಲ್ಲಿ ಅಚ್ಚಾಗಿದ್ದು ಮಸುಕಾಗಿದ್ದರೆ ೧ ಮತ್ತು ೦, ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ. ಮಾತಿನ ನಡುವೆ ಅರ್ಕಾವತ್ತು ಕೂಡ ೯ರ ಹಾಗೇ ಇರುತ್ತದೆ. ಕೋಷ್ಟಕದ ಕೆಳಗೆ ಒಟ್ಟು ಮೊತ್ತ ಕೊಟ್ಟಿದ್ದರೆ ಕೂಡಿ ನೋಡಿ. ತಾಳೆಯಾಗದಿದ್ದರೆ ಯಾವ ಅಂಕಿಯನ್ನು ತಪ್ಪಾಗಿ ಓದಿದ್ದೀರಿ ಅಂತ ಹುಡುಕಿ. ಆಗಲೂ ಸಿಗದಿದ್ದರೆ ಶುದ್ಧಾಶುದ್ಧ ಪಟ್ಟಿ ತೆಗೆಯಿರಿ.

ಏನಾದರೂ ಬಿಟ್ಟುಹೋಗಿದ್ದರೆ ಅದೇ ಇಮೇಲಿಗೆ ಉತ್ತರವಾಗಿ, ತಲುಪಿದ್ದಕ್ಕೆ ಧನ್ಯವಾದ ಹೇಳಿ, ಜಾಗವನ್ನು ಗುರುತು ಹಾಕಿ ಕೇಳಿ: “102ನೇ ಪುಟ, ಬಲ ಅಂಚು, ಮೇಲಿನಿಂದ 5ರಿಂದ 12ನೇ ಸಾಲು ಕಾಣುತ್ತಿಲ್ಲ. ಈ ಒಂದು ಪುಟವನ್ನು ಮತ್ತೊಮ್ಮೆ ಕಳಿಸಲು ಸಾಧ್ಯವೇ?” ಕಡತಕ್ಕೆ ಹೆಸರು ಕೊಡುವಾಗ ಗ್ರಂಥಾಲಯದ ಹೆಸರು, ಅಕ್ಸೆಷನ್ ನಂಬರ್, ಬಂದ ದಿನಾಂಕ ಮೂರೂ ಸೇರಿಸಿ ಇಡಿ. ಪ್ರಬಂಧದ ಅಡಿಟಿಪ್ಪಣಿ ಬರೆಯುವ ಹೊತ್ತಿಗೆ ಈ ಪ್ರತಿ ಎಲ್ಲಿಂದ ಬಂತು ಅಂತ ಹೇಳಲು ಅದೇ ಬೇಕಾಗುತ್ತದೆ.